ಕೆಜಿ ನೂಲಿಗೆ ಬಿದ್ದದ್ದೆಷ್ಟು?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಯುವ ಹೊತ್ತಿಗೆ ಆ ದಿನದ ದರ ಎಲ್ಲರ ಬಾಯಲ್ಲೂ ಇರುತ್ತದೆ. ಯಾವ ಲಾಟು ಎಷ್ಟಕ್ಕೆ ಹೋಯಿತು, ಯಾರು ಜಿದ್ದಿಗೆ ಬಿದ್ದು ಹತ್ತು ರೂಪಾಯಿ ಹೆಚ್ಚು ಏರಿಸಿದರು ಎಂಬುದೂ ಗೊತ್ತಿರುತ್ತದೆ. ಆ ಗೂಡು ಬೆಂದು, ಬಿಚ್ಚಿ, ನೂಲಾಗಿ, ಲಡಿ ಕಟ್ಟಿದ ಮೇಲೆ ಕೆಜಿಗೆ ಎಷ್ಟು ಬಿತ್ತು ಎಂದು ಒಬ್ಬ ರೀಲರನ್ನು ಕೇಳಿ ನೋಡಿ, ಮಾತು ಸ್ವಲ್ಪ ತಡೆಯುತ್ತದೆ. ನೂಲು ಮಾರಿದ್ದು ಇಷ್ಟು, ಗೂಡಿಗೆ ಕೊಟ್ಟದ್ದು ಇಷ್ಟು, ಕೂಲಿ, ಸೌದೆ, ಕರೆಂಟು, ಬಡ್ಡಿ ಎಲ್ಲ ಸೇರಿ ಇಷ್ಟು, ಉಳಿದದ್ದು ಲಾಭ ಎಂದು ಒಂದೇ ಉದ್ದದ ಪಟ್ಟಿ ಬರೆದಿಟ್ಟವರಿಗೆ ಆ ಪಟ್ಟಿಯಲ್ಲಿ ಈ ಉತ್ತರ ಸಿಗುವುದಿಲ್ಲ.

ಕಿರಾಣಿ ಅಂಗಡಿಗೆ ಅಂಥ ಪಟ್ಟಿ ಸಾಕು. ಅಂಗಡಿಯವರು ಕೊಂಡ ಸಕ್ಕರೆಯನ್ನೇ ಮಾರುತ್ತಾರೆ. ವರ್ಷದ ಮೊದಲು ಇದ್ದ ಸರಕಿಗೆ ಕೊಂಡದ್ದನ್ನು ಸೇರಿಸಿ, ಕೊನೆಗೆ ಉಳಿದದ್ದನ್ನು ಕಳೆದರೆ ಮಾರಿಹೋದ ಸರಕಿನ ಅಸಲು ಸಿಗುತ್ತದೆ. ಇದೇ ವ್ಯಾಪಾರ ಖಾತೆ. ರೀಲರು ಕೊಳ್ಳುವುದು ಗೂಡು, ಮಾರುವುದು ನೂಲು. ಹಾಗಾದರೆ ವ್ಯಾಪಾರ ಖಾತೆಯಲ್ಲಿ ‘ಕೊಂಡದ್ದು’ ಎಂಬ ಸಾಲಿನ ಮುಂದೆ ಅವರು ಬರೆಯಬೇಕಾದ ಮೊತ್ತ ಯಾವುದು? ಆ ಒಂದು ಸಾಲನ್ನು ತುಂಬಿಕೊಡುವುದಕ್ಕಾಗಿ ಅದಕ್ಕೂ ಮೊದಲು ಬರೆಯುವ ಲೆಕ್ಕವೇ ತಯಾರಿಕಾ ಖಾತೆ.

ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಹಾಕಿಕೊಂಡವು, ಇಂದಿನ ಮಾರುಕಟ್ಟೆ ದರಗಳೆಂದು ಹಿಡಿಯಬೇಡಿ. ದಿನಕ್ಕೆ 50 ಕೆಜಿಯಂತೆ, ವರ್ಷದಲ್ಲಿ 280 ದಿನ ಗೂಡು ಬೇಯುತ್ತದೆ. ಒಟ್ಟು 14,000 ಕೆಜಿ ಗೂಡು, ಅದರಿಂದ ಬಂದ ನೂಲು 2,000 ಕೆಜಿ.

ಮೊದಲ ಪ್ರಶ್ನೆ, ಎಷ್ಟು ರೂಪಾಯಿಯ ಗೂಡು ಖರ್ಚಾಯಿತು? ಕೊಂಡದ್ದು 62,40,000 ರೂಪಾಯಿಗೆ. ಅಷ್ಟೇ ಬರೆದರೆ ತಪ್ಪು. ವರ್ಷದ ಆರಂಭದಲ್ಲಿ 1,00,000 ರೂಪಾಯಿಯ ಗೂಡು ಮನೆಯಲ್ಲಿತ್ತು, ಅದೂ ಬೆಂದಿದೆ. ಮಾರುಕಟ್ಟೆಯ ಶುಲ್ಕಕ್ಕೂ ಗೂಡು ಸಾಗಿಸಿದ ಟೆಂಪೋ ಬಾಡಿಗೆಗೂ 95,000 ಹೋಗಿದೆ. ಗೂಡು ಬಾಗಿಲಿಗೆ ಬಂದು ಬೀಳುವವರೆಗಿನ ಖರ್ಚೆಲ್ಲ ಗೂಡಿನ ಬೆಲೆಯೇ. ಇನ್ನು ಕೊನೆಯ ದಿನ 300 ಕೆಜಿ ಗೂಡು ಬೇಯದೆ ಉಳಿದಿದೆ. ಅದರ ಬೆಲೆ 1,35,000, ಅದನ್ನು ಕಳೆಯಬೇಕು. ಖರ್ಚಾದ ಗೂಡು 63,00,000 ರೂಪಾಯಿ, ಅಂದರೆ ಕೆಜಿಗೆ 450. ಈ ಕಸುಬಿನಲ್ಲಿ ಗೂಡಿನ ದಾಸ್ತಾನು ತಿಂಗಳುಗಟ್ಟಲೆ ಇರುವುದಿಲ್ಲ. ಬಿಸಿಗಾಳಿಯಲ್ಲಿ ಒಣಗಿಸಿ ಒಳಗಿನ ಹುಳುವನ್ನು ಕೊಲ್ಲದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆದ್ದರಿಂದ ಇಂಥ ಸಣ್ಣ ಘಟಕದ ಖಾತೆಯಲ್ಲಿ ಎರಡು ತಿಂಗಳ ಗೂಡು ದಾಸ್ತಾನೆಂದು ತೋರಿಸಿದ್ದರೆ ನಾನಂತೂ ಮೊದಲು ಅಲ್ಲೇ ಬೆರಳಿಡುತ್ತೇನೆ.

ಇದಕ್ಕೆ ನೇರ ಕೂಲಿ ಸೇರಬೇಕು. ಗೂಡು ಬೇಯಿಸುವವರು, ಬೇಸಿನ್ ಮುಂದೆ ಕೂತು ಎಳೆ ಹಿಡಿಯುವವರು, ಸಣ್ಣ ರಾಟೆಯ ನೂಲನ್ನು ದೊಡ್ಡ ರಾಟೆಗೆ ಸುತ್ತುವವರು, ಇವರ ಕೈ ನೂಲಿನ ಮೇಲೆಯೇ ಇರುತ್ತದೆ. ವರ್ಷದ ಕೂಲಿ 8,40,000. ಗೂಡು ಮತ್ತು ಈ ಕೂಲಿ ಸೇರಿದ 71,40,000 ರೂಪಾಯಿಯೇ ಪ್ರಧಾನ ವೆಚ್ಚ. ಈ ನೂಲು ಆಗಬೇಕಾದರೆ ನೇರವಾಗಿ ಇದರ ಮೇಲೇ ಬಿದ್ದ ಹಣ ಇದು. ಕೆಲಸ ಹೆಚ್ಚಿದಂತೆ ಏರುತ್ತದೆ, ನಿಂತರೆ ಇದೂ ಹೆಚ್ಚುಕಡಿಮೆ ನಿಲ್ಲುತ್ತದೆ.

ಆದರೆ ಗೂಡು ಮತ್ತು ಕೈಗಳಿಂದಲೇ ನೂಲು ಬರುವುದಿಲ್ಲ. ನೀರು ಕಾಯಬೇಕು, ಮೋಟಾರು ತಿರುಗಬೇಕು, ಮೇಲೊಂದು ಸೂರು ಬೇಕು. ಸೌದೆಗೆ 1,60,000, ಕರೆಂಟು ಮತ್ತು ನೀರಿಗೆ 60,000, ಮೇಸ್ತ್ರಿಯ ಸಂಬಳ 1,80,000, ಶೆಡ್ಡಿನ ಬಾಡಿಗೆ 96,000, ರಿಪೇರಿ 44,000, ಯಂತ್ರಗಳ ಸವಕಳಿ 80,000. ಒಟ್ಟು 6,20,000. ಇದು ಕಾರ್ಖಾನೆಯ ಮೇಲ್ವೆಚ್ಚ. ಯಾವ ಲಡಿಗೆ ಎಷ್ಟು ಎಂದು ಬೆರಳಿಟ್ಟು ತೋರಿಸಲಾಗದ, ಆದರೂ ಶೆಡ್ಡಿನ ಗೋಡೆಯೊಳಗೇ ಆದ ಖರ್ಚು.

ತಕರಾರು ಏಳುವುದು ಇಲ್ಲೇ. ಮೇಸ್ತ್ರಿ ದಿನವಿಡೀ ಬೇಸಿನ್‌ಗಳ ನಡುವೆಯೇ ಓಡಾಡುತ್ತಾನೆ, ಅವನ ಸಂಬಳ ನೇರ ಕೂಲಿ ಯಾಕಲ್ಲ ಎಂದು ಕೇಳುವವರಿದ್ದಾರೆ. ಅವನು ನೂಲು ಬಿಚ್ಚುವುದಿಲ್ಲ, ಬಿಚ್ಚುವವರನ್ನು ನೋಡಿಕೊಳ್ಳುತ್ತಾನೆ ಎಂಬುದು ಉತ್ತರ. ಸೌದೆಯ ವಿಷಯದಲ್ಲಿ ವಾದ ಇನ್ನೂ ಗಟ್ಟಿ, ಏಕೆಂದರೆ ಗೂಡು ಹೆಚ್ಚಿದರೆ ಸೌದೆಯೂ ಹೆಚ್ಚುತ್ತದೆ. ಕೆಲವರು ಅದನ್ನು ನೇರ ಖರ್ಚೆಂದು ಪ್ರಧಾನ ವೆಚ್ಚದಲ್ಲೇ ಬರೆಯುತ್ತಾರೆ. ನನಗೆ ಎರಡೂ ಒಪ್ಪಿಗೆ, ಕೊನೆಯ ಮೊತ್ತ ಬದಲಾಗುವುದಿಲ್ಲ. ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಹೀಗೆ ಬರೆದರೆ ಮಾತ್ರ ಎರಡು ವರ್ಷಗಳ ಪ್ರಧಾನ ವೆಚ್ಚವನ್ನು ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. ಬಾಡಿಗೆಯದು ಬೇರೆ ಕಥೆ. ಕಟ್ಟಡದ ಪೂರಾ ಬಾಡಿಗೆ 1,20,000. ಜಾಗದ ಐದರಲ್ಲಿ ನಾಲ್ಕು ಪಾಲು ಶೆಡ್ಡು, ಒಂದು ಪಾಲು ಮುಂದಿನ ಕೋಣೆ. ಅಲ್ಲಿ ಮೇಜು, ಫೋನು, ನೂಲು ಕೊಳ್ಳಲು ಬಂದವರಿಗೆ ಕುರ್ಚಿ. ಆ ಕೋಣೆಯ 24,000 ರೂಪಾಯಿ ತಯಾರಿಕಾ ಖಾತೆಗೆ ಬರುವಂತಿಲ್ಲ. ಬ್ಯಾಂಕಿನ ಬಡ್ಡಿಯೂ, ನೂಲನ್ನು ಮಾರಲು ಕಳಿಸುವ ಸಾಗಣೆಯೂ ಹಾಗೆಯೇ. ಅವೆಲ್ಲ ಮುಂದೆ ಲಾಭ-ನಷ್ಟ ಖಾತೆಯಲ್ಲಿ ಕಾದು ಕೂತಿರುತ್ತವೆ.

ಪ್ರಧಾನ ವೆಚ್ಚಕ್ಕೆ ಮೇಲ್ವೆಚ್ಚ ಸೇರಿದರೆ 77,60,000. ಇನ್ನು ಎರಡು ಹೊಂದಾಣಿಕೆ ಉಳಿದಿವೆ. ವರ್ಷದ ಕೊನೆಯ ಸಂಜೆ ಸಣ್ಣ ರಾಟೆಗಳ ಮೇಲೆ ಹಸಿ ನೂಲು ಇರುತ್ತದೆ. ಅದು ಗೂಡಲ್ಲ, ಮಾರುವ ಲಡಿಯೂ ಅಲ್ಲ. ಇಂಥ ಅರೆಸಿದ್ಧ ಸರಕು ಆರಂಭದಲ್ಲಿ 25,000 ರೂಪಾಯಿಯಷ್ಟಿತ್ತು, ಕೊನೆಗೆ 45,000. ಮೊದಲಿನದನ್ನು ಕೂಡಿ ಕೊನೆಯದನ್ನು ಕಳೆದರೆ 77,40,000. ಎರಡನೆಯದು ಬೆಂದ ಹುಳು ಮತ್ತು ಎಳೆ ಬಾರದ ರೇಷ್ಮೆ ತ್ಯಾಜ್ಯ. ಎರಡಕ್ಕೂ ಕೊಳ್ಳುವವರಿದ್ದಾರೆ, ವರ್ಷಕ್ಕೆ 3,40,000 ಬಂದಿದೆ. ಇದನ್ನು ನೂಲಿನ ಮಾರಾಟಕ್ಕೆ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಮಾರಾಟವೂ ಉಬ್ಬುತ್ತದೆ, ನೂಲಿನ ಅಸಲೂ ಉಬ್ಬುತ್ತದೆ. ಗೂಡು ಕೊಂಡಾಗ ಹುಳುವಿನ ತೂಕಕ್ಕೂ ದುಡ್ಡು ಕೊಟ್ಟಿದ್ದೇವಲ್ಲ, ಹುಳು ಮಾರಿ ಬಂದದ್ದು ಆ ದುಡ್ಡಿನಲ್ಲೇ ಒಂದು ಪಾಲು ವಾಪಸು ಬಂದಂತೆ. ಆದ್ದರಿಂದ ತಯಾರಿಕಾ ಖಾತೆಯಲ್ಲೇ ಕಳೆಯಬೇಕು.

ಎಲ್ಲವನ್ನೂ ಕೆಳಗಿಳಿಸಿದರೆ ಹೀಗೆ:

ಖರ್ಚಾದ ಗೂಡು: 63,00,000
ನೇರ ಕೂಲಿ: 8,40,000
ಪ್ರಧಾನ ವೆಚ್ಚ: 71,40,000
ಕಾರ್ಖಾನೆ ಮೇಲ್ವೆಚ್ಚ: 6,20,000
ಅರೆಸಿದ್ಧ ಸರಕು, ಆರಂಭದ್ದು ಕೂಡಿ ಕೊನೆಯದು ಕಳೆದು: 20,000 ಇಳಿಕೆ
ಹುಳು, ತ್ಯಾಜ್ಯದ ಮಾರಾಟ: 3,40,000 ಇಳಿಕೆ
ತಯಾರಾದ ನೂಲಿನ ವೆಚ್ಚ: 74,00,000

2,000 ಕೆಜಿಗೆ 74 ಲಕ್ಷ, ಅಂದರೆ ಕೆಜಿಗೆ 3,700 ರೂಪಾಯಿ ಬಿತ್ತು. ಈ ಖಾತೆಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೊನೆಗೆ ಬರುವುದು ಬರೀ ಒಂದು ವೆಚ್ಚ, ಅದನ್ನು ಹಾಗೇ ಎತ್ತಿ ವ್ಯಾಪಾರ ಖಾತೆಯ ‘ಕೊಂಡದ್ದು’ ಎಂಬ ಜಾಗದಲ್ಲಿ ಇಡುತ್ತಾರೆ. ಶೆಡ್ಡು ಮುಂದಿನ ಕೋಣೆಗೆ ನೂಲನ್ನು ಅಸಲಿಗೆ ಕೊಟ್ಟಿತು ಎಂದುಕೊಳ್ಳಿ. ಅಲ್ಲಿ ಆರಂಭದ 60 ಕೆಜಿ ನೂಲು 2,19,000 ರೂಪಾಯಿಯದು, ಕೊನೆಗೆ ಉಳಿದ 100 ಕೆಜಿ 3,70,000 ರೂಪಾಯಿಯದು. ಮಾರಿದ 1,960 ಕೆಜಿಯ ಅಸಲು 72,49,000. ಕೆಜಿಗೆ 3,950ರಂತೆ ಬಂದ ಮಾರಾಟ 77,42,000. ಒಟ್ಟು ಲಾಭ 4,93,000.

ಈ 4,93,000 ಎಷ್ಟು ಬಡಪಾಯಿ ಮೊತ್ತ ಎಂಬುದು ಗೂಡಿನ ಸಾಲಿನ ಮೇಲೆ ಕಣ್ಣಿಟ್ಟಾಗ ತಿಳಿಯುತ್ತದೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಎಂಬ ಅಳತೆಗೆ ಈ ಕಸುಬಿನಲ್ಲಿ ರೆಂಡಿಟಾ ಎನ್ನುತ್ತಾರೆ. ನಮ್ಮ ಘಟಕದ್ದು 7. ಗೂಡು ಕಳಪೆ ಬಂದಿತು, ಸರಿಯಾಗಿ ಬೇಯಲಿಲ್ಲ, ಎಳೆ ಪದೇಪದೇ ಕಡಿಯಿತು ಎಂದುಕೊಳ್ಳೋಣ, ರೆಂಡಿಟಾ 7.5 ಆಯಿತು. ಅದೇ 2,000 ಕೆಜಿ ನೂಲಿಗೆ ಈಗ 15,000 ಕೆಜಿ ಗೂಡು. ಹೆಚ್ಚಿನ 1,000 ಕೆಜಿಗೆ 4,50,000 ರೂಪಾಯಿ. ತ್ಯಾಜ್ಯದಿಂದ ಸ್ವಲ್ಪ ಹೆಚ್ಚು ಬರಬಹುದು, ಆದರೆ ಲಾಭದ ಬಹುಪಾಲು ಬೇಸಿನ್ ನೀರಿನಲ್ಲೇ ಹೋಯಿತು. ಒಂದೇ ಉದ್ದದ ಪಟ್ಟಿ ಬರೆದ ರೀಲರು ಲಾಭ ಇಳಿದದ್ದನ್ನು ಕಂಡು ನೂಲಿನ ದರವನ್ನೋ ಗೂಡಿನ ದರವನ್ನೋ ಬೈಯುತ್ತಾರೆ. ತಯಾರಿಕಾ ಖಾತೆ ಇದ್ದವರಿಗೆ ಗೂಡಿನ ದರ 450ರಲ್ಲೇ ಇದ್ದು ಗೂಡಿನ ಸಾಲು ಮಾತ್ರ 67,50,000ಕ್ಕೆ ಏರಿದ್ದು ಕಾಣುತ್ತದೆ. ಹಾಗೆ ಕಾಣಬೇಕಾದರೆ ರೂಪಾಯಿಯ ಪಕ್ಕದಲ್ಲಿ ಕೆಜಿಯನ್ನೂ ಬರೆದಿರಬೇಕು. ಬರೀ ರೂಪಾಯಿ ಬರೆದ ತಯಾರಿಕಾ ಖಾತೆ ಒಂದು ಕಣ್ಣು ಮುಚ್ಚಿಕೊಂಡಂತೆಯೇ.

ಈ ಖಾತೆಗೆ ಕಾಣದ ಸಂಗತಿಯೂ ಉಂಟು. ಸಣ್ಣ ಘಟಕಗಳಲ್ಲಿ ಮನೆಯ ಹೆಂಗಸರು, ಮಕ್ಕಳು ಕೂಲಿ ಇಲ್ಲದೆ ಕೈಜೋಡಿಸುತ್ತಾರೆ. ಆ ದುಡಿಮೆಗೆ ಚೀಟಿ ಇಲ್ಲ, ಚೀಟಿ ಇಲ್ಲದ್ದಕ್ಕೆ ಖಾತೆಯಲ್ಲಿ ಸಾಲಿಲ್ಲ. ಪಕ್ಕದ ಬೀದಿಯ ಘಟಕಕ್ಕೆ 3,900 ಬಿದ್ದು ನಮಗೆ 3,700 ಬಿದ್ದಿದ್ದರೆ ಹಿಗ್ಗುವ ಮೊದಲು ಬೇಸಿನ್ ಮುಂದೆ ಯಾರು ಕೂತಿದ್ದರು ಎಂದು ನೋಡಬೇಕು.

ಆದಾಯ ತೆರಿಗೆಯವರಿಗೂ ಈ ಖಾತೆ ಬೇಕು. ವ್ಯಾಪಾರದ ಆದಾಯ ಇರುವ ವ್ಯಕ್ತಿಗಳು ತುಂಬುವ ITR-3 ನಮೂನೆಯಲ್ಲಿ 2019-20ರ ತೆರಿಗೆ ನಿರ್ಧಾರಣಾ ವರ್ಷದಿಂದ ವ್ಯಾಪಾರ ಖಾತೆಯ ಮೊದಲು ತಯಾರಿಕಾ ಖಾತೆಗೂ ಪ್ರತ್ಯೇಕ ಭಾಗವಿದೆ. ಅಂದಾಜು ಲಾಭದ ವಿಧಾನ ಆರಿಸಿಕೊಂಡ ಸಣ್ಣವರಿಗೆ ಆ ತೊಡಕಿಲ್ಲ. ಕಂಪನಿಗಳು ಪ್ರಕಟಿಸುವ ಲೆಕ್ಕಪತ್ರದಲ್ಲಿ ಈ ಖಾತೆ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಖರ್ಚಾದ ಸಾಮಗ್ರಿಯ ವೆಚ್ಚ, ದಾಸ್ತಾನಿನ ಏರಿಳಿತ ಎಂಬ ಸಾಲುಗಳಲ್ಲಿ ಅದು ಚದುರಿಹೋಗಿರುತ್ತದೆ.

ಕೆಲವು ಘಟಕಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ನಾವೇ ಬಿಚ್ಚುವ ಬದಲು ಹೊರಗಿನಿಂದ ನೂಲು ಕೊಂಡು ಮಾರಿದ್ದರೆ? ಆಗ ಕೆಜಿಗೆ 3,800 ಕೊಡಬೇಕಿತ್ತು ಎನ್ನಿ. ಶೆಡ್ಡು ಆ ದರಕ್ಕೇ ಮುಂದಿನ ಕೋಣೆಗೆ ಮಾರಿತು ಎಂದು ಬರೆದರೆ ತಯಾರಿಕಾ ಖಾತೆಯಲ್ಲೇ 2,00,000 ರೂಪಾಯಿ ಲಾಭ ಕಾಣುತ್ತದೆ, ವ್ಯಾಪಾರ ಖಾತೆಯ ಲಾಭ 3,03,000ಕ್ಕೆ ಇಳಿಯುತ್ತದೆ. ಬಿಚ್ಚಿ ಗಳಿಸಿದ್ದೆಷ್ಟು, ಮಾರಿ ಗಳಿಸಿದ್ದೆಷ್ಟು ಎಂದು ಬೇರೆಬೇರೆ ತಿಳಿಯುತ್ತದೆ. ಆದರೆ ಎರಡನ್ನೂ ಕೂಡಿದರೆ 5,03,000 ಆಗುತ್ತದೆ, ಮೊದಲಿಗಿಂತ 10,000 ಹೆಚ್ಚು. ಅದು ಎಲ್ಲಿಂದ ಬಂತು? ಕೋಣೆಯ ಮೂಲೆಯಲ್ಲಿ ಮಾರದೆ ಉಳಿದ ಆ 100 ಕೆಜಿ ಲಡಿಯ ಮೇಲೆ ಕೆಜಿಗೆ 100ರಂತೆ, ನಮಗೆ ನಾವೇ ಮಾರಿಕೊಂಡು ಬರೆದುಕೊಂಡ ಲಾಭ ಅದು. ಅಷ್ಟನ್ನು ತೆಗೆದು ಬದಿಗಿಟ್ಟ ಮೇಲೆಯೇ 4,93,000 ಮತ್ತೆ ಸಿಗುವುದು.