ಡಾಲರ್ ಸಂಬಳಕ್ಕೆ ಎರಡು ಕಡೆ ತೆರಿಗೆ: ಫಾರ್ಮ್ 67 ಎಷ್ಟು ಉಳಿಸುತ್ತದೆ?

ಬೆಂಗಳೂರಿನ ಒಬ್ಬ ಎಂಜಿನಿಯರ್ 2024ರ ನವೆಂಬರ್ ಮೊದಲ ವಾರ ಆನ್‌ಸೈಟ್ ಕೆಲಸಕ್ಕೆಂದು ಟೆಕ್ಸಾಸ್‌ಗೆ ಹೋದರು ಎಂದಿಟ್ಟುಕೊಳ್ಳಿ. ಅಕ್ಟೋಬರ್‌ವರೆಗೆ ಇಲ್ಲಿಯ ಸಂಬಳ, ನವೆಂಬರ್‌ನಿಂದ ಅಮೆರಿಕದ ಪೇರೋಲ್. ಅಲ್ಲಿ ಪ್ರತಿ ತಿಂಗಳೂ ತೆರಿಗೆ ಮುರಿದುಕೊಂಡೇ ಸಂಬಳ ಕೈಗೆ ಬರುತ್ತದೆ. ಹಾಗಾಗಿ ಆ ಹಣದ ಬಗ್ಗೆ ಭಾರತಕ್ಕೆ ಹೇಳಬೇಕಾದ್ದು ಏನೂ ಇಲ್ಲ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ಹೇಳಲೇಬೇಕು. ಆದಾಯ ತೆರಿಗೆ ಕಾಯ್ದೆ ನೋಡುವುದು ಸಂಬಳ ಯಾವ ದೇಶದಲ್ಲಿ ಬಂತು ಎಂಬುದನ್ನಲ್ಲ, ಆ ವರ್ಷ ನೀವು ಎಷ್ಟು ದಿನ ಭಾರತದಲ್ಲಿದ್ದಿರಿ ಎಂಬುದನ್ನು.

ಕೆಲಸಕ್ಕಾಗಿ ಹೊರದೇಶಕ್ಕೆ ಹೊರಟ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆ ವರ್ಷದ ಮಟ್ಟಿಗೆ ನಿವಾಸಿ. ಏಪ್ರಿಲ್ ಒಂದರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ ಆಗುತ್ತದೆ. ಅಷ್ಟರೊಳಗೆ ವಿಮಾನ ಹತ್ತಿ, ಮಾರ್ಚ್‌ವರೆಗೆ ಮರಳದೆ ಇದ್ದವರು ಅನಿವಾಸಿ. ಅಲ್ಲಿ ದುಡಿದು ಅಲ್ಲಿಯ ಖಾತೆಗೇ ಪಡೆದ ಸಂಬಳ ನಮ್ಮ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಎಂಜಿನಿಯರ್ ನವೆಂಬರ್‌ನಲ್ಲಿ ಹೊರಟವರು. ಆದ್ದರಿಂದ ಐದು ತಿಂಗಳ ಡಾಲರ್ ಸಂಬಳವೂ ಇಲ್ಲಿಯ ರಿಟರ್ನ್‌ನಲ್ಲಿ ಬರಬೇಕು. ಹೊರಡುವ ತಾರೀಕು ನಿಮ್ಮ ಕೈಯಲ್ಲಿದ್ದರೆ ಈ ಲೆಕ್ಕವನ್ನು ಟಿಕೆಟ್ ಕಾದಿರಿಸುವ ಮೊದಲೇ ಹಾಕಬೇಕು. ಆಮೇಲೆ ಹಾಕಿ ಪ್ರಯೋಜನವಿಲ್ಲ.

ಒಂದೇ ಸಂಬಳಕ್ಕೆ ಎರಡು ದೇಶಗಳೂ ಪೂರ್ತಿ ತೆರಿಗೆ ಕೀಳಬಾರದೆಂದು ಭಾರತ ಮತ್ತು ಅಮೆರಿಕ 1989ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರಂತೆ ಅಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಯ್ದೆಯ ಸೆಕ್ಷನ್ 90 ಈ ಹಕ್ಕು ಕೊಡುತ್ತದೆ. ಅದನ್ನು ಹೇಗೆ ಕೇಳಬೇಕೆಂದು ನಿಯಮ 128 ಹೇಳುತ್ತದೆ. ಆದರೆ ಕಳೆಯಲು ಒಂದು ಮಿತಿ ಇದೆ. ಅಲ್ಲಿ ಕಟ್ಟಿದ ತೆರಿಗೆ ಎಷ್ಟು, ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ ಎಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ.

ಲೆಕ್ಕ ಹಾಕಿಯೇ ನೋಡೋಣ. ಏಳು ತಿಂಗಳ ಭಾರತದ ಸಂಬಳ 14 ಲಕ್ಷ ರೂಪಾಯಿ. ಅಮೆರಿಕದಲ್ಲಿ ತಿಂಗಳಿಗೆ 8,000 ಡಾಲರ್‌ನಂತೆ ಐದು ತಿಂಗಳಿಗೆ 40,000 ಡಾಲರ್. ಸುಲಭಕ್ಕೆ ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 34 ಲಕ್ಷ. (ನಿಜವಾದ ಲೆಕ್ಕದಲ್ಲಿ ಪ್ರತಿ ತಿಂಗಳಿಗೂ ಬೇರೆ ದರ: ನವೆಂಬರ್ ಸಂಬಳಕ್ಕೂ ಆ ತಿಂಗಳು ಮುರಿದ ತೆರಿಗೆಗೂ ಅಕ್ಟೋಬರ್ 31ರ ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರ.) ಎರಡೂ ಸೇರಿ 48 ಲಕ್ಷ. ಹೊಸ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 47.25 ಲಕ್ಷ. 2024-25ರ ದರದಲ್ಲಿ ಇದಕ್ಕೆ ಸೆಸ್ ಸೇರಿ ತೆರಿಗೆ 11,51,800 ರೂಪಾಯಿ, ಅಂದರೆ ಸರಾಸರಿ ಶೇ 24.4ರ ಹತ್ತಿರ. ಈ ಸರಾಸರಿಯಲ್ಲಿ ಅಮೆರಿಕದ 34 ಲಕ್ಷದ ಪಾಲಿಗೆ ಸುಮಾರು 8.29 ಲಕ್ಷ ತೆರಿಗೆ ಬರುತ್ತದೆ. ಅಲ್ಲಿ ಫೆಡರಲ್ ತೆರಿಗೆ ಎಂದು ಮುರಿದದ್ದು 5,400 ಡಾಲರ್, ಅಂದರೆ 4.59 ಲಕ್ಷ. ಕಡಿಮೆ ಇರುವುದು ಇದೇ. ಹಾಗಾಗಿ ಸಿಗುವ ಪರಿಹಾರವೂ ಇಷ್ಟೇ.

ಜನ ತಬ್ಬಿಬ್ಬಾಗುವುದು ಇಲ್ಲಿಂದ ಮುಂದೆ. ಇಲ್ಲಿಯ ಕಂಪನಿ ತಾನು ಕೊಟ್ಟ 14 ಲಕ್ಷದ ಮೇಲಷ್ಟೇ ಟಿಡಿಎಸ್ ಹಿಡಿದಿದ್ದರೆ ಅದು ಸುಮಾರು 1.09 ಲಕ್ಷ. 11.52 ಲಕ್ಷದಲ್ಲಿ ಅದನ್ನೂ 4.59 ಲಕ್ಷವನ್ನೂ ಕಳೆದ ಮೇಲೂ 5.84 ಲಕ್ಷ ರೂಪಾಯಿಯನ್ನು ಕೈಯಿಂದ ಕಟ್ಟಬೇಕು. ಅಮೆರಿಕದ ತೆರಿಗೆ ನಮ್ಮದಕ್ಕಿಂತ ಕಡಿಮೆ ಬಿದ್ದದ್ದು ಒಂದು ಕಾರಣ. ಡಾಲರ್ ಸಂಬಳ ಸೇರಿದ್ದರಿಂದ ಒಟ್ಟು ಆದಾಯ ಶೇ 30ರ ಹಂತಕ್ಕೆ ಏರಿದ್ದು ಇನ್ನೊಂದು. ಈ ಬಾಕಿಗೆ ಮಾರ್ಚ್ ಒಳಗೆ ಮುಂಗಡ ತೆರಿಗೆ ಕಟ್ಟದಿದ್ದರೆ ತಿಂಗಳಿಗೆ ಶೇ 1ರ ಬಡ್ಡಿಯೂ ಬೀಳುತ್ತದೆ. ಅಮೆರಿಕದ ಬದಲು ತೆರಿಗೆ ಜಾಸ್ತಿ ಇರುವ ದೇಶಕ್ಕೆ ಹೋಗಿದ್ದರೆ ಕಥೆ ತಿರುಗಾಮುರುಗಾ: ಇಲ್ಲಿ ಆ ಸಂಬಳಕ್ಕೆ ಕಟ್ಟುವುದು ಏನೂ ಉಳಿಯದಿರಬಹುದು, ಆದರೆ ಅಲ್ಲಿ ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ.

ಇನ್ನು ಪೇ ಸ್ಲಿಪ್ ನೋಡಿ. ಅಲ್ಲಿ ಕಡಿತದ ಸಾಲುಗಳು ಮೂರು: ಫೆಡರಲ್ ಇನ್‌ಕಮ್ ಟ್ಯಾಕ್ಸ್, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್. ಕೊನೆಯ ಎರಡು ಸೇರಿ ಸಂಬಳದ ಶೇ 7.65. ಒಪ್ಪಂದದಲ್ಲಿ ಆದಾಯ ತೆರಿಗೆ ಮಾತ್ರ ಬರುತ್ತದೆ. ಸಾಮಾಜಿಕ ಭದ್ರತೆಯ ವಂತಿಗೆಯನ್ನು ಅದು ಹೆಸರು ಹೇಳಿಯೇ ಹೊರಗಿಟ್ಟಿದೆ. ನಮ್ಮ ಎಂಜಿನಿಯರ್ ಒಟ್ಟು ಕಡಿತ 8,460 ಡಾಲರನ್ನೇ ತೆರಿಗೆ ಎಂದು ಬರೆದುಬಿಟ್ಟರೆ 7.19 ಲಕ್ಷವಾಗುತ್ತದೆ. ಅದು 8.29 ಲಕ್ಷದ ಮಿತಿಯೊಳಗೇ ಇರುವುದರಿಂದ ಲೆಕ್ಕದಲ್ಲಿ ತಪ್ಪು ಎದ್ದು ಕಾಣುವುದಿಲ್ಲ. 2.60 ಲಕ್ಷ ಹೆಚ್ಚಿಗೆ ಕೇಳಿದ್ದು ಗೊತ್ತಾಗುವುದು ನೋಟಿಸ್ ಬಂದಾಗಲೇ.

ಟೆಕ್ಸಾಸ್ ರಾಜ್ಯಕ್ಕೆ ತನ್ನದೇ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಕ್ಕೆ ಇದೆ, ಆದರೆ ಒಪ್ಪಂದ ಒಳಗೊಳ್ಳುವುದು ಫೆಡರಲ್ ತೆರಿಗೆಯನ್ನಷ್ಟೇ. ರಾಜ್ಯಕ್ಕೆ ಕಟ್ಟಿದ್ದನ್ನು ಸೆಕ್ಷನ್ 91ರಡಿ ಕೇಳಬಹುದೆಂದು ವಿಪ್ರೋ ಪ್ರಕರಣದಲ್ಲಿ 2015ರಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಇದನ್ನು ಕೇಳುವಾಗ ಚಾರ್ಟರ್ಡ್ ಅಕೌಂಟೆಂಟ್ ಜೊತೆಗಿರಲಿ.

ಕೇಳುವ ದಾರಿ ಹೀಗಿದೆ. ಪೋರ್ಟಲ್‌ನ ಇ-ಫೈಲ್ ಮೆನುವಿನಲ್ಲಿ ಇನ್‌ಕಮ್ ಟ್ಯಾಕ್ಸ್ ಫಾರ್ಮ್ಸ್‌ಗೆ ಹೋಗಿ ಫಾರ್ಮ್ 67 ತುಂಬಬೇಕು. ಆಮೇಲೆ ಐಟಿಆರ್-2ರಲ್ಲಿ (ಐಟಿಆರ್-1ರಲ್ಲಿ ಇದಕ್ಕೆ ಜಾಗವಿಲ್ಲ) ವಿದೇಶಿ ಆದಾಯದ ಎಫ್‌ಎಸ್‌ಐ ಮತ್ತು ತೆರಿಗೆ ಪರಿಹಾರದ ಟಿಆರ್ ಷೆಡ್ಯೂಲ್‌ಗಳಲ್ಲಿ ಅದೇ ಅಂಕಿಗಳನ್ನು ಬರೆಯಬೇಕು. ಮೂರರಲ್ಲಿ ಒಂದು ಹೊಂದದಿದ್ದರೂ, ಅಥವಾ ಫಾರ್ಮ್ 67 ಇಲ್ಲದೆ ರಿಟರ್ನ್ ಹೋಗಿದ್ದರೂ ಬೆಂಗಳೂರಿನ ಸಿಪಿಸಿ ಪರಿಹಾರವನ್ನು ಸೊನ್ನೆ ಮಾಡಿ ಪೂರ್ತಿ ಬೇಡಿಕೆ ಕಳಿಸಬಹುದು. ಈ ಫಾರ್ಮ್ ತಡವಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂದು ತೆರಿಗೆ ನ್ಯಾಯಮಂಡಳಿಯ ಬೆಂಗಳೂರು ಪೀಠ 2021ರಲ್ಲಿ, ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿವೆ. ಆದರೆ ಅದಕ್ಕೆ ಮೇಲ್ಮನವಿ ಹಾಕಿಕೊಂಡು ಅಲೆಯಬೇಕು.

ದಾಖಲೆಯದು ಬೇರೆ ತೊಡಕು. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ನವೆಂಬರ್ ಮತ್ತು ಡಿಸೆಂಬರ್‌ನ ಕಡಿತ 2024ರ ಡಬ್ಲ್ಯೂ-2ರಲ್ಲಿ ಸಿಗುತ್ತದೆ. 2025ರ ಜನವರಿಯಿಂದ ಮಾರ್ಚ್‌ವರೆಗಿನದು ಬರುವುದು 2026ರ ಜನವರಿಯಲ್ಲಿ, ಅಷ್ಟರಲ್ಲಿ ನಮ್ಮ ರಿಟರ್ನ್‌ನ ಗಡುವು ದಾಟಿರುತ್ತದೆ. ಆ ಮೂರು ತಿಂಗಳಿಗೆ ತೆರಿಗೆ ಮುರಿದ ಪೇ ಸ್ಲಿಪ್‌ಗಳನ್ನೂ ನೀವೇ ಸಹಿ ಮಾಡಿದ ಹೇಳಿಕೆಯನ್ನೂ ಕೊಡಲು ನಿಯಮ 128 ಅವಕಾಶ ಕೊಡುತ್ತದೆ. 2022ರ ಆಗಸ್ಟ್‌ನ ತಿದ್ದುಪಡಿಯ ನಂತರ, ರಿಟರ್ನ್ ಕಾಲಕ್ಕೆ ಸರಿಯಾಗಿ ಸಲ್ಲಿಸಿದ್ದರೆ ಫಾರ್ಮ್ 67ಕ್ಕೆ ಅಸೆಸ್‌ಮೆಂಟ್ ವರ್ಷದ ಕೊನೆಯವರೆಗೂ ಸಮಯವಿದೆ. ಸಮಯವಿದೆ ಎಂದು ಮುಂದೂಡದೆ ರಿಟರ್ನ್‌ಗೆ ಮೊದಲೇ ಸಲ್ಲಿಸುವುದು ಒಳ್ಳೆಯದು. ಮುಂದೆ ಅಲ್ಲಿ ರಿಟರ್ನ್ ಹಾಕಿದಾಗ ಮುರಿದುಕೊಂಡ ತೆರಿಗೆಯಲ್ಲಿ ಒಂದಿಷ್ಟು ರೀಫಂಡ್ ಬಂದರೆ ಇಲ್ಲಿ ಪಡೆದ ಪರಿಹಾರವನ್ನೂ ಅಷ್ಟು ಇಳಿಸಿ ಸರಿಪಡಿಸಬೇಕು.

2026ರ ಏಪ್ರಿಲ್ 1ರಿಂದ ಗಳಿಸುವ ಆದಾಯಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುತ್ತದೆ. ಇಲ್ಲಿ ಹೇಳಿದ ಸೆಕ್ಷನ್ ಸಂಖ್ಯೆಗಳು ಅಲ್ಲಿ ಬೇರೆ. ಆದರೆ ಪೇ ಸ್ಲಿಪ್‌ಗಳ ಅಗತ್ಯ ಯಾವ ಕಾಯ್ದೆಯಲ್ಲೂ ತಪ್ಪದು. ಕಂಪನಿ ಬಿಟ್ಟ ಮೇಲೆ ಅದರ ಪೇರೋಲ್ ಪೋರ್ಟಲ್‌ಗೆ ಲಾಗಿನ್ ಸಿಗದಿರಬಹುದು. ಅವುಗಳನ್ನು ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳಿ.