ಹೊಸ ಮಾಲು ಬರುವ ಮುನ್ನ ಬರುವ ಕಾಗದ

ಕಿರಾಣಿ ಅಂಗಡಿಯ ಮೊಳೆಗೆ ಹೊಸ ಮಸಾಲೆ ಪುಡಿಯ ಪ್ಯಾಕೆಟ್ಟಿನ ಸರವೊಂದು ತೂಗಿಬೀಳುವ ಕೆಲವು ವಾರ ಮೊದಲೇ, ಆ ಊರಿನ ಏಜೆನ್ಸಿ ಮಾಲೀಕರ ಮೊಬೈಲಿಗೆ ಒಂದು ಕಾಗದ ಬಂದಿರುತ್ತದೆ. ಕಂಪನಿಯ ತಲೆಬರಹ, ಪ್ಯಾಕೆಟ್ಟಿನ ಚಿತ್ರ, ಅದರ ಕೆಳಗೆ ಒಂದು ಕೋಷ್ಟಕ. ಎಂಆರ್‌ಪಿ ಎಷ್ಟು, ಅಂಗಡಿಯವನಿಗೆ ಎಷ್ಟು, ಡಿಸ್ಟ್ರಿಬ್ಯೂಟರಿಗೆ ಎಷ್ಟು, ಪೆಟ್ಟಿಗೆಗೆ ಎಷ್ಟು ಪ್ಯಾಕೆಟ್, ಡಿಪೋದಲ್ಲಿ ಮಾಲು ಯಾವತ್ತಿನಿಂದ ಸಿಗುತ್ತದೆ, ಮಾರುಕಟ್ಟೆಗೆ ಬಿಡುಗಡೆ ಯಾವಾಗ. ಗ್ರಾಹಕರಾದ ನಮ್ಮ ಕಣ್ಣಿಗೆ ಈ ಕಾಗದ ಬೀಳುವುದೇ ಇಲ್ಲ. ಆದರೆ ಟಿವಿಯಲ್ಲಿ ಜಾಹೀರಾತು ನೋಡಿ ಅಂಗಡಿಗೆ ಹೋದಾಗ ‘ಇನ್ನೂ ಬಂದಿಲ್ಲ ಸಾರ್’ ಎಂಬ ಉತ್ತರ ಸಿಗುವುದಕ್ಕೂ, ಯಾರೂ ಕೇಳದ ಸೋಪೊಂದು ಅಂಗಡಿಯಲ್ಲಿ ವರ್ಷವಿಡೀ ಧೂಳು ಹಿಡಿಯುವುದಕ್ಕೂ ಬಹುಪಾಲು ಕಾರಣ ಅದರಲ್ಲೇ ಇರುತ್ತದೆ.

ಅದನ್ನು ಓದುವುದು ಹೇಗೆಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕರ್ನಾಟಕದ ಮಧ್ಯಮ ಗಾತ್ರದ ಕಂಪನಿಯೊಂದು 100 ಗ್ರಾಂ ರಸಂ ಪುಡಿಯ ಪ್ಯಾಕೆಟ್ ತರುತ್ತಿದೆ. ಎಂಆರ್‌ಪಿ ₹60, ಜಿಎಸ್‌ಟಿ ಶೇ. 5. ಕಾಗದದಲ್ಲಿ ‘ರೀಟೇಲರ್ ಮಾರ್ಜಿನ್ ಶೇ. 12, ಡಿಸ್ಟ್ರಿಬ್ಯೂಟರ್ ಮಾರ್ಜಿನ್ ಶೇ. 5’ ಎಂದು ಬರೆದಿದೆ. ಓದಿದವರು ಅರವತ್ತಕ್ಕೆ ಶೇ. 12 ಎಂದರೆ ₹7.20 ಎಂದು ಲೆಕ್ಕ ಹಾಕಿಬಿಡುತ್ತಾರೆ. ಅಲ್ಲೇ ಮೊದಲ ಎಡವಟ್ಟು. ಈ ವ್ಯಾಪಾರದಲ್ಲಿ ಹೆಚ್ಚಾಗಿ ಶೇಕಡವನ್ನು ಎಂಆರ್‌ಪಿಯ ಮೇಲೆ ಹಾಕುವುದಿಲ್ಲ, ಕೊಂಡ ಬೆಲೆಯ ಮೇಲೆ ಹಾಕುತ್ತಾರೆ. ಇದಕ್ಕೆ ಮಾರ್ಕ್‌ಅಪ್ ಎನ್ನುತ್ತಾರೆ. ಎಂಆರ್‌ಪಿಯಿಂದ ಕಳೆದರೆ ಅದು ಮಾರ್ಕ್‌ಡೌನ್.

ಮಾರ್ಕ್‌ಅಪ್ ಲೆಕ್ಕದಲ್ಲಿ ಅರವತ್ತನ್ನು 1.12ರಿಂದ ಭಾಗಿಸಬೇಕು. ಆಗ ಅಂಗಡಿಯವನು ಕೊಡುವ ಬೆಲೆ, ತೆರಿಗೆ ಸೇರಿ, ₹53.57. ಅವನ ಕೈಗೆ ಉಳಿಯುವುದು ₹6.43. ಏಳೂಕಾಲು ಸಿಗುತ್ತದೆಂದು ನಂಬಿದವನಿಗೆ ಪ್ಯಾಕೆಟ್ಟಿಗೆ 77 ಪೈಸೆ ಕಡಿಮೆ. ₹53.57ರಿಂದ ಜಿಎಸ್‌ಟಿ ತೆಗೆದರೆ ₹51.02, ಅದನ್ನು ಮತ್ತೆ 1.05ರಿಂದ ಭಾಗಿಸಿದರೆ ಡಿಸ್ಟ್ರಿಬ್ಯೂಟರು ಕಂಪನಿಗೆ ಕೊಡುವ ಬೆಲೆ, ತೆರಿಗೆ ಬಿಟ್ಟು, ₹48.59. ಅವರಿಗೆ ಸಿಗುವುದು ಪ್ಯಾಕೆಟ್ಟಿಗೆ ₹2.43. ವ್ಯಾನು, ಡೀಸೆಲ್, ಸೇಲ್ಸ್‌ಮನ್ ಸಂಬಳ, ಗೋದಾಮಿನ ಬಾಡಿಗೆ ಎಲ್ಲವೂ ಈ ಎರಡೂವರೆ ರೂಪಾಯಿಯೊಳಗೇ ಆಗಬೇಕು. ಒಳ್ಳೆಯ ಕಾಗದದಲ್ಲಿ ಶೇಕಡದ ಜೊತೆಗೆ ಈ ರೂಪಾಯಿ ಲೆಕ್ಕವನ್ನೂ ಬಿಡಿಸಿ ಬರೆದಿರುತ್ತಾರೆ. ಬರೀ ಶೇಕಡ ಕೊಟ್ಟು ‘ಆಕರ್ಷಕ ಮಾರ್ಜಿನ್’ ಎಂದಿದ್ದರೆ ಕ್ಯಾಲ್ಕುಲೇಟರ್ ತೆಗೆಯುವುದು ಕ್ಷೇಮ.

ಮಾರ್ಜಿನ್ ಸಾಲನ್ನು ಎಲ್ಲರೂ ಓದುತ್ತಾರೆ, ಅದರ ಮೇಲೆ ಜಗಳವನ್ನೂ ಆಡುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಅದರ ಕೆಳಗಿನ ಸಾಲು: ಎಷ್ಟು ಮಾಲು ಎತ್ತಬೇಕು, ಮತ್ತೆ ಬೇಕಾದರೆ ಎಷ್ಟು ದಿನಕ್ಕೆ ಬರುತ್ತದೆ.

ನಮ್ಮ ರಸಂ ಪುಡಿ ಕಂಪನಿ ‘ಕನಿಷ್ಠ ಆರಂಭಿಕ ಆರ್ಡರ್ 100 ಪೆಟ್ಟಿಗೆ’ ಎಂದಿದೆ ಎನ್ನೋಣ. ಪೆಟ್ಟಿಗೆಗೆ 60 ಪ್ಯಾಕೆಟ್. ಆರು ಸಾವಿರ ಪ್ಯಾಕೆಟ್ಟಿಗೆ ಡಿಸ್ಟ್ರಿಬ್ಯೂಟರು ಜಿಎಸ್‌ಟಿ ಸೇರಿ ಸುಮಾರು ₹3.06 ಲಕ್ಷ ಕಟ್ಟಬೇಕು. ಅಷ್ಟೂ ಮಾರಿದರೆ ಸಿಗುವ ಮಾರ್ಜಿನ್ ₹14,580. ಓಡಾಟದ ಖರ್ಚು ಕಳೆದು ₹6,100 ಉಳಿಯಿತು ಎಂದುಕೊಳ್ಳೋಣ. ಕೇಳಲು ಚೆನ್ನಾಗಿದೆ. ಆದರೆ ಆ ಮೂರು ಲಕ್ಷ ಎಲ್ಲಿಂದ ಬಂತು? ಬ್ಯಾಂಕಿನ ಓಡಿ ಖಾತೆಯಿಂದ, ವರ್ಷಕ್ಕೆ ಶೇ. 12ರ ಬಡ್ಡಿಗೆ, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ.

ಈಗ ಊರನ್ನು ನೋಡಿ. ತಾಲ್ಲೂಕು ಕೇಂದ್ರವೊಂದರಲ್ಲಿ ಈ ಏಜೆನ್ಸಿಗೆ ಒಬ್ಬನೇ ಸೇಲ್ಸ್‌ಮನ್. ದಿನಕ್ಕೆ 40 ಅಂಗಡಿ, ವಾರಕ್ಕೆ ಆರು ದಿನ, ಒಟ್ಟು 240 ಅಂಗಡಿ. ಬೀಟ್ ಎನ್ನುವುದು ಇದಕ್ಕೇ. ಹೊಸ ಮಾಲನ್ನು ಮೊದಲ ಸುತ್ತಿನಲ್ಲಿ ಅರ್ಧದಷ್ಟು ಅಂಗಡಿಗಳು ತಲಾ ಒಂದು ಡಜನ್ ತೆಗೆದುಕೊಂಡರೂ 120 ಡಜನ್, ಅಂದರೆ 24 ಪೆಟ್ಟಿಗೆ. ಎರಡನೇ ವಾರ ಅದೇ ಅಂಗಡಿಗೆ ಹೋದರೆ ‘ಇರೋದೇ ಹೋಗಿಲ್ಲ ಕಣಪ್ಪಾ’ ಎನ್ನುತ್ತಾರೆ. ಒಂದು ಡಜನ್ ರಸಂ ಪುಡಿ ಸಣ್ಣ ಅಂಗಡಿಯಲ್ಲಿ ಖಾಲಿಯಾಗಲು ಮೂರು-ನಾಲ್ಕು ವಾರ ಬೇಕಾಗಬಹುದು. ಹಾಗಾಗಿ ತಿಂಗಳಿಗೆ ಹೋಗುವುದು ಮೂವತ್ತು ಚಿಲ್ಲರೆ ಪೆಟ್ಟಿಗೆ, ನೂರು ಪೆಟ್ಟಿಗೆಗೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಸರಾಸರಿ ಒಂದೂವರೆ ಲಕ್ಷದ ಮಾಲು ಗೋದಾಮಿನಲ್ಲಿ ಕೂತಿರುತ್ತದೆ, ಅದರ ಬಡ್ಡಿಯೇ ಸುಮಾರು ₹4,600. ಅಂಗಡಿಗಳಿಗೆ ಹದಿನೈದು ದಿನದ ಉದ್ರಿ ಕೊಟ್ಟರೆ ಅದರ ಬಡ್ಡಿ ಇನ್ನೊಂದು ₹1,600. ಎರಡೂ ಸೇರಿದರೆ ಉಳಿದಿದ್ದ ಆರು ಸಾವಿರ ಪೂರ್ತಿ ಹೋಯಿತು. ಶೇ. 5 ಮಾರ್ಜಿನ್ ಇದ್ದೂ ಗಳಿಕೆ ಸೊನ್ನೆ.

ಅದೇ ಏಜೆನ್ಸಿ ತಿಂಗಳಿಗೆ 30 ಪೆಟ್ಟಿಗೆಯಂತೆ ಮೂರು ಸಲ ತರಿಸಿದರೆ ಒಮ್ಮೆಗೆ ಕಟ್ಟುವ ಹಣ ₹92,000. ಮಾರ್ಜಿನ್ ಒಂದು ಪೈಸೆಯೂ ಬದಲಾಗಿಲ್ಲ, ಆದರೆ ಬಡ್ಡಿ ಇಳಿದು ಮೂರು ತಿಂಗಳ ಕೊನೆಗೆ ಸುಮಾರು ₹2,600 ಕೈಯಲ್ಲಿರುತ್ತದೆ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಹೀಗೆ ನೂರಾರು ಬಗೆಯ ಮಾಲು ಹಿಡಿದಿರುವ ಏಜೆನ್ಸಿ ಬದುಕುವುದೂ ಮುಳುಗುವುದೂ ಈ ವ್ಯತ್ಯಾಸದ ಮೇಲೆಯೇ. ಆದ್ದರಿಂದ ಅನುಭವಿಗಳು ಕಂಪನಿಯ ಏರಿಯಾ ಮ್ಯಾನೇಜರನ್ನು ಮೊದಲು ಕೇಳುವುದು ‘ಮಾರ್ಜಿನ್ ಜಾಸ್ತಿ ಮಾಡಿ’ ಎಂದಲ್ಲ. ‘ಡಿಪೋಗೆ ಇಂಡೆಂಟ್ ಹಾಕಿದರೆ ಎಷ್ಟು ದಿನಕ್ಕೆ ಗಾಡಿ ಬರುತ್ತೆ?’ ನಾಲ್ಕು ದಿನ ಎಂದರೆ ಕಡಿಮೆ ಮಾಲಿನಲ್ಲಿ ಧೈರ್ಯವಾಗಿ ನಡೆಸಬಹುದು. ಹದಿನೈದು ದಿನ ಎಂದರೆ ಇಷ್ಟವಿಲ್ಲದಿದ್ದರೂ ತುಂಬಿಕೊಳ್ಳಬೇಕು.

ದಿನಾಂಕದ ಸಾಲನ್ನೂ ಹೀಗೇ ಓದಬೇಕು. ಒಂದೇ ಕಾಗದದಲ್ಲಿ ಮೂರು ದಿನಾಂಕಗಳು ಇರುತ್ತವೆ, ಅಥವಾ ಇರಬೇಕು: ಬಿಲ್ಲಿಂಗ್ ಶುರುವಾಗುವ ದಿನ, ಅಂಗಡಿಗೆ ಮಾಲು ಕೊಡಲು ಅನುಮತಿ ಇರುವ ದಿನ, ಜಾಹೀರಾತು ಬರುವ ದಿನ. ಸೇಲ್ಸ್‌ಮನ್ ಎಲ್ಲ ಅಂಗಡಿಗಳನ್ನು ಒಂದು ಸುತ್ತು ಹಾಕಲು ಆರು ದಿನ ಬೇಕೆಂದು ನೋಡಿದೆವಲ್ಲ. ಆದ್ದರಿಂದ ಜಾಹೀರಾತಿಗೆ ಕನಿಷ್ಠ ಒಂದು ವಾರ ಮೊದಲು ಮಾಲು ಏಜೆನ್ಸಿಯ ಗೋದಾಮಿನಲ್ಲಿ ಇರಬೇಕು. ಜಾಹೀರಾತು ಮೊದಲು ಬಂದರೆ ಕೇಳಿದ ಗ್ರಾಹಕ ಬೇರೆ ಬ್ರಾಂಡ್ ಹಿಡಿದು ಹೋಗುತ್ತಾನೆ. ತಿಂಗಳು ಮೊದಲೇ ಮಾಲು ಬಂದರೆ ಅಂಗಡಿಯವನು ‘ಯಾರೂ ಕೇಳ್ತಿಲ್ಲ’ ಎಂದು ವಾಪಸ್ ಕೊಡುತ್ತಾನೆ.

ಬಿಲ್ಲಿಂಗ್ ದಿನಾಂಕ 28, 29, 30 ಎಂದಿದ್ದರೆ ಇನ್ನೊಂದು ಅನುಮಾನಕ್ಕೆ ಜಾಗವಿದೆ. ಕಂಪನಿ ಏಜೆನ್ಸಿಗೆ ಮಾರುವುದು ಪ್ರೈಮರಿ, ಏಜೆನ್ಸಿ ಅಂಗಡಿಗೆ ಮಾರುವುದು ಸೆಕೆಂಡರಿ. ಏರಿಯಾ ಮ್ಯಾನೇಜರರ ತಿಂಗಳ ಟಾರ್ಗೆಟ್ ಪ್ರೈಮರಿಯಲ್ಲಿ ಎಣಿಕೆಯಾಗುತ್ತಿದ್ದರೆ, ತಿಂಗಳ ಕೊನೆಗೆ ಹೊಸ ಮಾಲಿನ ಹೆಸರಿನಲ್ಲಿ ಗೋದಾಮು ತುಂಬಿಸುವ ಆಸೆ ಸಹಜ. ಸೆಕೆಂಡರಿ ಆಗದ ಮಾಲು ಮುಂದೆ ಏನಾಗುತ್ತದೆ? ಕೈ ಕಚ್ಚಿದ ಡಿಸ್ಟ್ರಿಬ್ಯೂಟರು ತಮ್ಮ ಮಾರ್ಜಿನ್ನನ್ನೂ ಬಿಟ್ಟು ಹೋಲ್‌ಸೇಲ್ ವ್ಯಾಪಾರಿಗೆ ದೂಡುತ್ತಾರೆ. ಆ ಪೆಟ್ಟಿಗೆಗಳು ಪಕ್ಕದ ಜಿಲ್ಲೆಯಲ್ಲಿ ಏಜೆನ್ಸಿ ರೇಟಿಗಿಂತ ಕಡಿಮೆಗೆ ಸಿಗತೊಡಗುತ್ತವೆ, ಅಲ್ಲಿನ ಡಿಸ್ಟ್ರಿಬ್ಯೂಟರ ಮಾಲು ನಿಂತುಹೋಗುತ್ತದೆ. ತಮ್ಮ ಸೇಲ್ಸ್‌ಮನ್ ಹೇಳುವ ರೇಟಿಗಿಂತ ಒಂದೂವರೆ-ಎರಡು ರೂಪಾಯಿ ಕಡಿಮೆಗೆ ಅದೇ ಪ್ಯಾಕೆಟ್ ಅಂಗಡಿಯಲ್ಲಿ ಕಂಡರೆ ಬ್ಯಾಚ್ ನಂಬರ್ ನೋಡಿ ಬರುವುದು ಹಳಬರ ಅಭ್ಯಾಸ. ಯಾವ ಡಿಪೋದಿಂದ ಬಂದದ್ದೆಂದು ಕಂಪನಿಯವರಿಗೆ ತೋರಿಸಲು ಅದೇ ಸಾಕ್ಷಿ.

ಒಂದೇ ಮಾಲಿಗೆ ಎರಡು ರೇಟು ಎಂಬ ಸಿಟ್ಟು ಒಮ್ಮೆ ಬೀದಿಗೂ ಬಂದಿತ್ತು. ಆನ್‌ಲೈನ್ ಸಗಟು ಕಂಪನಿಗಳಿಗೂ ಕ್ಯಾಷ್ ಅಂಡ್ ಕ್ಯಾರಿ ಮಳಿಗೆಗಳಿಗೂ ತಮಗಿಂತ ಅಗ್ಗದಲ್ಲಿ ಮಾಲು ಸಿಗುತ್ತಿದೆ ಎಂದು ಅಖಿಲ ಭಾರತ ಮಟ್ಟದ ವಿತರಕರ ಒಕ್ಕೂಟ 2021ರ ಕೊನೆಯಲ್ಲಿ ದೊಡ್ಡ ಕಂಪನಿಗಳಿಗೆ ಪತ್ರ ಬರೆದು, ಎಲ್ಲರಿಗೂ ಒಂದೇ ದರ ಕೊಡಿ ಎಂದು ಕೇಳಿತು. ಮಹಾರಾಷ್ಟ್ರದ ವಿತರಕರು 2022ರ ಜನವರಿಯಲ್ಲಿ ಕೆಲವು ಉತ್ಪನ್ನಗಳನ್ನು ಅಂಗಡಿಗಳಿಗೆ ಕೊಡುವುದನ್ನೇ ನಿಲ್ಲಿಸಿದರು.

ಇಂಥ ಕಾಗದ ಇಡೀ ದೇಶದಲ್ಲಿ ಒಟ್ಟಿಗೆ ಓಡಾಡಿದ ಸಂದರ್ಭವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದವು. ಬೆಲೆ ಬದಲಾವಣೆಯನ್ನು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ತಿಳಿಸಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ ಆಗ ಸಡಿಲಿಸಿ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಸುತ್ತೋಲೆ ಕಳಿಸಿದರೆ ಸಾಕು ಎಂದಿತು. ತುಪ್ಪದ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಾಗ ನಂದಿನಿ ತುಪ್ಪದ ಲೀಟರ್ ಬೆಲೆ ₹650ರಿಂದ ₹610 ಆಯಿತು. ಗ್ರಾಹಕರಿಗೆ ಅದು ಸಂತೋಷದ ಸುದ್ದಿ. ಆದರೆ ಯಾವುದೇ ಮಾಲಿನ ಏಜೆನ್ಸಿಯವರಿಗೆ ಆ ವಾರದ ಚಿಂತೆ ಬೇರೆ: ಹಳೆಯ ದರದಲ್ಲಿ ಕೊಂಡು ಗೋದಾಮಿನಲ್ಲಿಟ್ಟ ಮಾಲಿನ ವ್ಯತ್ಯಾಸವನ್ನು ಯಾರು ಕೊಡುತ್ತಾರೆ? ಹೊಸ ಮಾಲಿನ ಕಾಗದದಲ್ಲೂ ‘ಬೆಲೆ ಇಳಿದರೆ ಉಳಿದ ದಾಸ್ತಾನಿಗೆ ಕ್ರೆಡಿಟ್ ನೋಟ್ ಕೊಡಲಾಗುವುದು’ ಎಂಬ ಸಾಲಿದೆಯೇ ಎಂದು ಹುಡುಕುವುದು ಇದಕ್ಕೇ.

ಇನ್ನು ಸ್ಕೀಮ್. ನಮ್ಮ ರಸಂ ಪುಡಿಗೆ ‘ಬಿಡುಗಡೆ ಕೊಡುಗೆ 12+1’ ಎಂದು ಕೆಂಪು ಅಕ್ಷರದಲ್ಲಿ ಹಾಕಿದ್ದಾರೆ. ಹನ್ನೆರಡಕ್ಕೆ ಹಣ, ಹದಿಮೂರನೆಯದು ಬಿಟ್ಟಿ. ಅಂಗಡಿಯವನಿಗೆ ಪ್ಯಾಕೆಟ್ ₹53.57ರ ಬದಲು ₹49.45ಕ್ಕೆ ಬೀಳುತ್ತದೆ, ಅವನಿಗೆ ಹಬ್ಬ. ಪ್ರಶ್ನೆ ಇರುವುದು ಆ ಹದಿಮೂರನೆಯ ಪ್ಯಾಕೆಟ್ ಯಾರ ಗೋದಾಮಿನಿಂದ ಹೋಗುತ್ತದೆ ಎಂಬುದರಲ್ಲಿ. ಕಂಪನಿ ಬಿಲ್ಲಿನಲ್ಲೇ ಬಿಟ್ಟಿ ಮಾಲು ಕಳಿಸಿದರೆ ತಕರಾರಿಲ್ಲ. ‘ನೀವು ಕೊಡಿ, ಆಮೇಲೆ ಕ್ಲೇಮ್ ಮಾಡಿ’ ಎಂದಿದ್ದರೆ ಅದು ಡಿಸ್ಟ್ರಿಬ್ಯೂಟರು ಕಂಪನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಮೊದಲ ಸುತ್ತಿನ 120 ಡಜನ್‌ಗೆ 120 ಪ್ಯಾಕೆಟ್, ತೆರಿಗೆ ಸೇರಿ ₹6,100ರ ಮಾಲು. ನೂರು ಪೆಟ್ಟಿಗೆ ಮಾರಿ ಮೂರು ತಿಂಗಳಲ್ಲಿ ಉಳಿಯಬಹುದೆಂದು ಮೇಲೆ ಅಂದಾಜು ಮಾಡಿದಷ್ಟೇ ಹಣ, ಒಂದೇ ವಾರದಲ್ಲಿ ಕಂಪನಿಯ ಬಳಿ ಬಾಕಿ.

ಹಾಗಾಗಿ ತಿಳಿದ ಡಿಸ್ಟ್ರಿಬ್ಯೂಟರು ಇಂಥ ಕಾಗದಕ್ಕೆ ಬರೀ ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುವುದಿಲ್ಲ. ಬರಹದಲ್ಲೇ ಉತ್ತರ ಹಾಕುತ್ತಾರೆ: ‘ಸದ್ಯಕ್ಕೆ 30 ಪೆಟ್ಟಿಗೆ ಕಳಿಸಿ. ತಯಾರಿಕೆ ದಿನಾಂಕ ಈ ತಿಂಗಳಿನದೇ ಇರಲಿ. ಸ್ಕೀಮ್ ಮಾಲು ಬಿಲ್ಲಿನಲ್ಲೇ ಬರಲಿ. ಎರಡನೇ ಬೀಟ್ ಮುಗಿದ ಮೇಲೆ ಮುಂದಿನ ಇಂಡೆಂಟ್ ಹಾಕುತ್ತೇವೆ.’ ಏರಿಯಾ ಮ್ಯಾನೇಜರ್ ಸಂಜೆಯೊಳಗೆ ಫೋನ್ ಮಾಡುತ್ತಾರೆ, ಐವತ್ತಾದರೂ ಮಾಡಿ ಎನ್ನುತ್ತಾರೆ. ಸಾಮಾನ್ಯವಾಗಿ ಮಾತು ನಲವತ್ತಕ್ಕೆ ಮುಗಿಯುತ್ತದೆ.