ವರದಿಯಲ್ಲಿ ನಾರ್ಮಲ್, ರಕ್ತದಲ್ಲಿ ಅಲ್ಲ

ರಕ್ತದ ಆಮ್ಲ-ಕ್ಷಾರ ಏರುಪೇರಿನ ಬಗ್ಗೆ ವೈದ್ಯ ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳುವ ನೋಟ್ಸ್ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಮೆಟಬಾಲಿಕ್ ಅಸಿಡೋಸಿಸ್, ಮೆಟಬಾಲಿಕ್ ಆಲ್ಕಲೋಸಿಸ್, ರೆಸ್ಪಿರೇಟರಿ ಅಸಿಡೋಸಿಸ್, ರೆಸ್ಪಿರೇಟರಿ ಆಲ್ಕಲೋಸಿಸ್ ಎಂದು ನಾಲ್ಕು ತಲೆಬರಹ. ಒಂದೊಂದರ ಕೆಳಗೆ ಕಾರಣ, ಲಕ್ಷಣ, ಚಿಕಿತ್ಸೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಐಸಿಯುಗೆ ಬರುವ ರೋಗಿಯ ಹಣೆಯ ಮೇಲೆ ಆ ತಲೆಬರಹ ಇರುವುದಿಲ್ಲ. ವೈದ್ಯರ ಕೈಗೆ ಸಿಗುವುದು ಎಬಿಜಿ ಯಂತ್ರದಿಂದ ಹೊರಬಂದ ಸಣ್ಣ ಚೀಟಿ, ಅದರಲ್ಲಿ ಕೆಲವು ಅಂಕಿಗಳು. ಹಾಗಾಗಿ ನೋಟ್ಸನ್ನು ತಿರುವಿ ಹಾಕಬೇಕು. ಕಾಯಿಲೆಯಿಂದ ಅಂಕಿಗೆ ಹೋಗುವುದನ್ನು ಬಿಟ್ಟು, ಅಂಕಿಯಿಂದ ಕಾಯಿಲೆಗೆ ಹೋಗುವ ದಾರಿಯನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಫ್ಲೋಚಾರ್ಟ್ ಎನ್ನುವುದು ಅದನ್ನೇ.

ಆ ಹಾಳೆಗೆ ಬೇಕಾದ ಮುಖ್ಯ ಅಂಕಿ ಮೂರು. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಅದಕ್ಕಿಂತ ಕಡಿಮೆಯಾದರೆ ರಕ್ತ ಆಮ್ಲದ ಕಡೆ ವಾಲಿದೆ, ಹೆಚ್ಚಾದರೆ ಕ್ಷಾರದ ಕಡೆ. ಶ್ವಾಸಕೋಶ ಹೊರಹಾಕುವ ಇಂಗಾಲದ ಡೈಆಕ್ಸೈಡ್ ಆಮ್ಲದ ಪಕ್ಷ. ರಕ್ತದಲ್ಲಿ ಅದರ ಒತ್ತಡ 35ರಿಂದ 45 ಇರಬೇಕು. ಮೂತ್ರಪಿಂಡ ಕಾಪಾಡುವ ಬೈಕಾರ್ಬೊನೇಟ್ ಕ್ಷಾರದ ಪಕ್ಷ; ಅದು 22ರಿಂದ 26.

ಮೊದಲ ಪ್ರಶ್ನೆ ಪಿಎಚ್ ಯಾವ ಕಡೆ ವಾಲಿದೆ ಎಂಬುದೇ ಆಗಬೇಕು. ಯಾಕೆ ಎಂದು ಕೋಪನ್‌ಹೇಗನ್ನಿನ 1952ರ ಪೋಲಿಯೋ ಪಿಡುಗು ತೋರಿಸಿಕೊಟ್ಟಿತು. ಉಸಿರಾಟದ ಸ್ನಾಯು ಸೋತ ರೋಗಿಗಳ ರಕ್ತದಲ್ಲಿ ಬೈಕಾರ್ಬೊನೇಟ್ ಏರಿರುವುದನ್ನು ಕಂಡ ಬ್ಲೆಗ್ಡಮ್ ಆಸ್ಪತ್ರೆಯ ವೈದ್ಯರು ಅದನ್ನು ಆಲ್ಕಲೋಸಿಸ್ ಎಂದೇ ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ಒಪ್ಪಲಿಲ್ಲ. ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿದೆ, ಬೈಕಾರ್ಬೊನೇಟ್ ಏರಿರುವುದು ಅದರಿಂದ, ಇದು ಅಸಿಡೋಸಿಸ್ ಎಂದರು. ಪಿಎಚ್ ಅಳೆದಾಗ ಅವರ ಮಾತೇ ನಿಜವಾಯಿತು. ಆಮೇಲೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಬೈಕಾರ್ಬೊನೇಟ್ ಒಂದನ್ನೇ ನೋಡಿ ತೀರ್ಪು ಕೊಡಬಾರದು.

ಎರಡನೇ ಪ್ರಶ್ನೆ, ಹೀಗೆ ವಾಲಿಸಿದವರು ಯಾರು? ಪಿಎಚ್ ಇಳಿದಿದ್ದು ಬೈಕಾರ್ಬೊನೇಟೂ ಇಳಿದಿದ್ದರೆ ಮೆಟಬಾಲಿಕ್. ಇಂಗಾಲದ ಡೈಆಕ್ಸೈಡ್ ಏರಿದ್ದರೆ ರೆಸ್ಪಿರೇಟರಿ. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಮುಂದಿನ ಎರಡು ಮೆಟ್ಟಿಲುಗಳಲ್ಲಿ.

ಒಂದು ಉದಾಹರಣೆ ಹಿಡಿದು ಹೋಗೋಣ. ಟೈಪ್ 1 ಸಕ್ಕರೆ ಕಾಯಿಲೆಯ ಯುವತಿ, ಇನ್ಸುಲಿನ್ ತಪ್ಪಿಸಿದ್ದಾಳೆ. ಆಳವಾಗಿ, ಬೇಗಬೇಗ ಉಸಿರಾಡುತ್ತಿದ್ದಾಳೆ. ಪಿಎಚ್ 7.26, ಇಂಗಾಲದ ಡೈಆಕ್ಸೈಡ್ 23, ಬೈಕಾರ್ಬೊನೇಟ್ 10. ಪಿಎಚ್ ಕಡಿಮೆ, ಬೈಕಾರ್ಬೊನೇಟ್ ಕಡಿಮೆ: ಮೆಟಬಾಲಿಕ್ ಅಸಿಡೋಸಿಸ್. ರಕ್ತ ಆಮ್ಲವಾದಾಗ ಶ್ವಾಸಕೋಶ ಸುಮ್ಮನಿರುವುದಿಲ್ಲ. ಜೋರಾಗಿ ಉಸಿರಾಡಿಸಿ ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ಸರಿದೂಗಿಸಲು ನೋಡುತ್ತದೆ. ಎಷ್ಟು ಇಳಿಸಬೇಕು ಎಂಬುದಕ್ಕೆ ವಿಂಟರ್ಸ್ ಸೂತ್ರ ಎಂಬ ಲೆಕ್ಕವಿದೆ. ಬೈಕಾರ್ಬೊನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿ. ಎರಡು ಹೆಚ್ಚುಕಡಿಮೆ ಇರಬಹುದು. ಈಕೆಗೆ 15ಕ್ಕೆ 8 ಕೂಡಿದರೆ 23. ಚೀಟಿಯಲ್ಲಿರುವುದೂ 23. ಶ್ವಾಸಕೋಶ ತನ್ನ ಪಾಲಿನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ.

ಈಗ ಕೆಲವು ಗಂಟೆ ಕಳೆದ ಮೇಲೆ ಇದೇ ಯುವತಿಯ ಇನ್ನೊಂದು ಚೀಟಿ ಬಂತು ಎಂದುಕೊಳ್ಳಿ. ಬೈಕಾರ್ಬೊನೇಟ್ 10ರಲ್ಲೇ ಇದೆ, ಇಂಗಾಲದ ಡೈಆಕ್ಸೈಡ್ 40. ನಾರ್ಮಲ್ ಮಿತಿ 35ರಿಂದ 45 ಆದ್ದರಿಂದ ಯಂತ್ರ ಈ ಅಂಕಿಯ ಪಕ್ಕ ಯಾವ ಎಚ್ಚರಿಕೆಯ ಗುರುತನ್ನೂ ಹಾಕುವುದಿಲ್ಲ. ಆದರೆ ಈಕೆಯಲ್ಲಿ ಇರಬೇಕಾದದ್ದು 23. ಅದು 40 ಆಗಿದೆ ಎಂದರೆ ಉಸಿರಾಡಿ ಉಸಿರಾಡಿ ಸುಸ್ತಾಗಿದ್ದಾಳೆ, ಇಲ್ಲವೇ ಪ್ರಜ್ಞೆ ಮಂಕಾಗುತ್ತಿದೆ. ಪಿಎಚ್ 7.02ಕ್ಕೆ ಕುಸಿದಿರುತ್ತದೆ. ಹಾಸಿಗೆಯ ಪಕ್ಕ ನಿಂತವರಿಗೆ ಏದುಸಿರು ಕಡಿಮೆಯಾದಂತೆ, ರೋಗಿ ಶಾಂತವಾದಂತೆ ಕಾಣಬಹುದು. ಅದು ಸುಧಾರಣೆಯಲ್ಲ, ಉಸಿರಾಟಕ್ಕೆ ತಕ್ಷಣ ನೆರವು ಬೇಕೆಂಬ ಸೂಚನೆ. ಆದ್ದರಿಂದ ಮೂರನೇ ಪೆಟ್ಟಿಗೆಯಲ್ಲಿ ‘ಇಂಗಾಲದ ಡೈಆಕ್ಸೈಡ್ ನಾರ್ಮಲ್ ಇದೆಯೇ?’ ಎಂದು ಬರೆಯಬೇಡಿ. ‘ಈ ಬೈಕಾರ್ಬೊನೇಟಿಗೆ ಎಷ್ಟಿರಬೇಕಿತ್ತು, ಎಷ್ಟಿದೆ?’ ಎಂದು ಬರೆಯಿರಿ.

ನಾಲ್ಕನೆಯದು ಅನಯಾನ್ ಗ್ಯಾಪ್. ರಕ್ತದಲ್ಲಿ ಧನ ಆವೇಶ ಮತ್ತು ಋಣ ಆವೇಶ ಜಮಾ-ಖರ್ಚಿನ ಹಾಗೆ ತಾಳೆಯಾಗಲೇಬೇಕು. ನಾವು ಎಲ್ಲವನ್ನೂ ಅಳೆಯುವುದಿಲ್ಲ; ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಎರಡನ್ನೂ ಕಳೆದರೆ ಸಾಮಾನ್ಯವಾಗಿ 12ರ ಆಸುಪಾಸು ಉಳಿಯುತ್ತದೆ. ಅದು ಅಳತೆಗೆ ಸಿಗದವುಗಳ ಪಾಲು. ಈ ಬಾಕಿ ಹೆಚ್ಚಿದ್ದರೆ ಕೀಟೋನ್, ಲ್ಯಾಕ್ಟೇಟ್ ಅಥವಾ ಮೂತ್ರಪಿಂಡ ಹೊರಹಾಕದೆ ಬಿಟ್ಟ ಆಮ್ಲಗಳಂಥ ಏನೋ ಒಂದು ರಕ್ತಕ್ಕೆ ಸೇರಿದೆ. ನಮ್ಮ ಯುವತಿಯ ಸೋಡಿಯಂ 135, ಕ್ಲೋರೈಡ್ 98. ಬೈಕಾರ್ಬೊನೇಟ್ 10 ಸೇರಿಸಿ ಕಳೆದರೆ ಉಳಿದದ್ದು 27. ಕೀಟೋನ್ ಪರೀಕ್ಷೆ ಕಾರಣವನ್ನು ಖಚಿತಪಡಿಸುತ್ತದೆ.

ಬಹಳಷ್ಟು ನೋಟ್ಸ್‌ಗಳಲ್ಲಿ ಈ ಗ್ಯಾಪ್ ಮೆಟಬಾಲಿಕ್ ಅಸಿಡೋಸಿಸ್ ಕೊಂಬೆಯ ಕೆಳಗೆ ಮಾತ್ರ ಇರುತ್ತದೆ. ಪಿಎಚ್ ಸರಿ ಇದ್ದರೆ ಬಾಣ ನೇರವಾಗಿ ‘ತೊಂದರೆ ಇಲ್ಲ’ ಎಂಬಲ್ಲಿಗೆ ಹೋಗುತ್ತದೆ. ನನ್ನ ಪ್ರಕಾರ ಇದು ಇಡೀ ಹಾಳೆಯ ಅತಿ ದೊಡ್ಡ ದೋಷ. ಎರಡನೇ ಉದಾಹರಣೆ ನೋಡಿ. ಮೂತ್ರಪಿಂಡ ಸೋತ ರೋಗಿ, ಕೆಲವು ದಿನಗಳಿಂದ ವಾಂತಿ. ಪಿಎಚ್ 7.40, ಇಂಗಾಲದ ಡೈಆಕ್ಸೈಡ್ 40, ಬೈಕಾರ್ಬೊನೇಟ್ 24. ಇದಕ್ಕಿಂತ ಅಚ್ಚುಕಟ್ಟಾದ ಚೀಟಿ ಆರೋಗ್ಯವಂತರಿಗೂ ಸಿಗುವುದು ಕಷ್ಟ. ಆದರೆ ಸೋಡಿಯಂ 140, ಕ್ಲೋರೈಡ್ 86. ಲೆಕ್ಕ ಹಾಕಿದರೆ ಗ್ಯಾಪ್ 30.

ಇರಬೇಕಾದ 12ಕ್ಕಿಂತ 18 ಹೆಚ್ಚು. ಅಷ್ಟು ಆಮ್ಲ ಸೇರಿದ್ದರೆ ಬೈಕಾರ್ಬೊನೇಟ್ ಸುಮಾರು 18ರಷ್ಟು ಕರಗಿ 6ಕ್ಕೆ ಇಳಿಯಬೇಕಿತ್ತು. ಇಳಿದಿಲ್ಲ, 24ರಲ್ಲೇ ಇದೆ. ಯಾಕೆಂದರೆ ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೊರಹೋಗಿ ಬೈಕಾರ್ಬೊನೇಟ್ ಏರಿದೆ, ಅತ್ತ ಮೂತ್ರಪಿಂಡ ಬಿಟ್ಟ ಆಮ್ಲ ಅದನ್ನು ಇಳಿಸಿದೆ. ಒಂದು ಅಸಿಡೋಸಿಸ್, ಒಂದು ಆಲ್ಕಲೋಸಿಸ್, ಎರಡೂ ಒಂದನ್ನೊಂದು ಮುಚ್ಚಿಹಾಕಿವೆ. ವಾಂತಿ ಮಾತ್ರ ನಿಲ್ಲಿಸಿ ಮೂತ್ರಪಿಂಡವನ್ನು ಹಾಗೇ ಬಿಟ್ಟರೆ ಒಳಗಿದ್ದ ಅಸಿಡೋಸಿಸ್ ಬಯಲಾಗುತ್ತದೆ. ಗ್ಯಾಪ್ ಏರಿದ್ದಕ್ಕೂ ಬೈಕಾರ್ಬೊನೇಟ್ ಇಳಿದದ್ದಕ್ಕೂ ತಾಳೆ ನೋಡುವುದೇ ಐದನೇ ಮೆಟ್ಟಿಲು. ಮೊದಲ ಯುವತಿಯಲ್ಲಿ ಗ್ಯಾಪ್ 15 ಏರಿದೆ, ಬೈಕಾರ್ಬೊನೇಟ್ 14 ಇಳಿದಿದೆ. ತಾಳೆಯಾಯಿತು, ಅಲ್ಲಿ ಬೇರೆ ಏರುಪೇರು ಅಡಗಿಲ್ಲ. ಈ ತಾಳೆ ಅಂದಾಜಿನದು. ನಾಲ್ಕೈದು ಅಂಕಿಯ ವ್ಯತ್ಯಾಸಕ್ಕೆ ಹೊಸ ಕಾಯಿಲೆ ಹುಡುಕಬೇಕಾಗಿಲ್ಲ.

ಗ್ಯಾಪ್ ಕೂಡ ಮೋಸ ಮಾಡುವ ಒಂದು ಸಂದರ್ಭವಿದೆ. ಆ ಬಾಕಿಯಲ್ಲಿ ದೊಡ್ಡ ಪಾಲು ಆಲ್ಬುಮಿನ್ ಎಂಬ ಪ್ರೋಟೀನಿನದು. ತುಂಬಾ ದಿನ ಹಾಸಿಗೆ ಹಿಡಿದವರಲ್ಲಿ, ಲಿವರ್ ಕಾಯಿಲೆಯವರಲ್ಲಿ ಅದು 4ರಿಂದ 2ಕ್ಕೆ ಇಳಿದಿರಬಹುದು. ಆಲ್ಬುಮಿನ್ ಒಂದು ಗ್ರಾಂ ಇಳಿದರೆ ಗ್ಯಾಪ್ ಎರಡೂವರೆ ಇಳಿಯುತ್ತದೆ. ಹಾಗಾಗಿ ಅಂಥವರಲ್ಲಿ 13 ಎಂದು ಬಂದ ಗ್ಯಾಪಿಗೆ 5 ಕೂಡಿಸಿ 18 ಎಂದೇ ಓದಬೇಕು.

ಈ ಹಾಳೆಯನ್ನು ಬರೆದುಕೊಳ್ಳುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪಿಎಚ್ ಪೆಟ್ಟಿಗೆಯಿಂದ ಹೊರಡುವ ಮೂರು ಬಾಣಗಳಲ್ಲಿ ‘ನಾರ್ಮಲ್’ ಎಂಬುದನ್ನೂ ಗ್ಯಾಪ್ ಪೆಟ್ಟಿಗೆಗೇ ತಂದು ಸೇರಿಸಿ, ಪಕ್ಕದಲ್ಲಿ ಆಲ್ಬುಮಿನ್‌ಗೆ ಒಂದು ಖಾಲಿ ಜಾಗ ಬಿಡಿ.